ಕರು ಹಾಕಿ 105 ದಿನ, ದನ ಇನ್ನೂ ಬೆದೆಗೆ ಬಂದಿಲ್ಲ

ಕಾಪು_ಹಟ್ಟಿ: ನಮ್ಮ ಎಚ್‌ಎಫ್ ಕ್ರಾಸ್ ದನ ಜನವರಿ 5ಕ್ಕೆ ಕರು ಹಾಕಿದೆ. ಎರಡನೇ ಕರು. ಇವತ್ತು ಏಪ್ರಿಲ್ 20. ಕೂಗಲೇ ಇಲ್ಲ, ಗಬ್ಬಕ್ಕೆ ಇಂಜೆಕ್ಷನ್ ಕೊಡಿಸಿಲ್ಲ. 12ನೇ ತಾರೀಕು ಬೆಳಿಗ್ಗೆ ಬಾಲಕ್ಕೆ ಸ್ವಲ್ಪ ರಕ್ತ ಅಂಟಿತ್ತು. ಗರ್ಭಕೋಶದ ತೊಂದರೆಯಾ?

ಶಿರ್ವ_ಶೆಟ್ಟಿ: ಹಾಲು ಕೊಡ್ತಾ ಇದೆ ಅಲ್ವಾ? ಮತ್ತೆ ಯಾಕೆ ಅವಸರ ಮಾರಾಯ್ರೆ? ಎರಡು ತಿಂಗಳು ಕಳೆಯದೆ ಇಂಜೆಕ್ಷನ್ ಕೊಡಿಸಲೇಬಾರದು.

ಬೆಳ್ಮಣ್_ಅಕ್ಕ: ನಮ್ಮದಕ್ಕೆ ನಾಲ್ಕು ಸಲ ಇಂಜೆಕ್ಷನ್ ಆಯ್ತು, ನಿಲ್ಲಲೇ ಇಲ್ಲ. ಸೆಮೆನ್ ಬದಲಾಯಿಸಿ ನೋಡಿ.

ಕಾಪು_ಹಟ್ಟಿ: ಅಕ್ಕ, ನಮ್ಮದಕ್ಕೆ ಒಂದು ಸಲವೂ ಕೊಡಿಸಿಲ್ಲ.

ಹಳೇ_ಪಶುವೈದ್ಯ: ತೊಂದರೆ ಅಲ್ಲ, ನಿಮಗೆ ಸಿಕ್ಕಿದ ಸುಳಿವು ಅದು. ಬೆದೆ ಮುಗಿದು ಒಂದೆರಡು ದಿನಕ್ಕೆ ಕೆಲವು ದನಗಳಿಗೆ ಹೀಗೆ ಸ್ವಲ್ಪ ರಕ್ತ ಬರುತ್ತದೆ. ಗಬ್ಬ ನಿಂತಿತೋ ಇಲ್ಲವೋ ಅಂತ ಅದರಿಂದ ಹೇಳಲಾಗದು. ಅಂದರೆ 10ರ ಆಸುಪಾಸು ಬೆದೆ ಬಂದು ಹೋಗಿದೆ. ಹಟ್ಟಿಯಲ್ಲೇ ಕಟ್ಟಿದ ದನ, ಮೇಲಾಗಿ ಈ ಸೆಕೆ. ಸದ್ದಿಲ್ಲದ ಬೆದೆ ಕಣ್ಣಿಗೆ ಬೀಳುವುದಿಲ್ಲ.

21 ದಿನ ಕೂಡಿಸಿ: ಮೇ 1. ಏಪ್ರಿಲ್ 28ರಿಂದಲೇ ಬೆಳಿಗ್ಗೆ, ಸಂಜೆ, ರಾತ್ರಿ ಮಲಗುವ ಮುಂಚೆ ಹೋಗಿ ನೋಡಿ. ದನ ಮಲಗಿದ್ದಲ್ಲಿ ಗಾಜಿನಂತಹ ಲೋಳೆ ಬಿದ್ದಿರುತ್ತದೆ. ಆ ದಿನ ಹಾಲೂ ಸ್ವಲ್ಪ ಇಳಿಯಬಹುದು. ಬೆಳಿಗ್ಗೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್.

ಶೆಟ್ರು ಹೇಳಿದ ಎರಡು ತಿಂಗಳು ಸರಿ. ಗರ್ಭಕೋಶ ಮೊದಲಿನಂತಾಗಲು ಅಷ್ಟು ಸಮಯ ಬಿಡಬೇಕು. ಆದರೆ ಅವಸರವೇ ಇಲ್ಲ ಅಂತಲ್ಲ. ವರ್ಷಕ್ಕೊಂದು ಕರು ಬೇಕಾದರೆ 85 ದಿನದೊಳಗೆ ಗಬ್ಬ ನಿಲ್ಲಬೇಕು. ಇದು ಮೇ 1ಕ್ಕೆ ನಿಂತರೆ ಫೆಬ್ರವರಿ 5ರ ಹೊತ್ತಿಗೆ ಕರು. ಕರುವಿನಿಂದ ಕರುವಿಗೆ 13 ತಿಂಗಳು, ಪರವಾಗಿಲ್ಲ. ಇನ್ನೊಂದು ಬೆದೆ ತಪ್ಪಿದರೆ ಸುಮಾರು 14.

ಶಿರ್ವ_ಶೆಟ್ಟಿ: ಒಂದು ತಿಂಗಳು ಹೋದರೆ ಏನು ಮಹಾ ನಷ್ಟ ಡಾಕ್ಟ್ರೇ?

ಹಳೇ_ಪಶುವೈದ್ಯ: ಲೆಕ್ಕ ಹಾಕಿ ಶೆಟ್ರೆ. ಕೊನೆಗೆ ದನ 5 ಲೀಟರಿಗೆ ಇಳಿದಿರುತ್ತದೆ. ಹೊಸ ಕರು ಹಾಕಿದ್ದರೆ ಆಗ 12 ಕೊಡುತ್ತಿತ್ತು ಅಂತಿಟ್ಟುಕೊಳ್ಳಿ. ದಿನಕ್ಕೆ 7 ಲೀಟರ್ ಕಡಿಮೆ, 21 ದಿನಕ್ಕೆ 147. ಲೀಟರಿಗೆ 38 ರೂಪಾಯಿ ಹಿಡಿದರೆ 5,586. ಆ 7 ಲೀಟರಿಗೆ ದಿನಾ 3 ಕೆಜಿ ಹಿಂಡಿ ಜಾಸ್ತಿ ಹಾಕಬೇಕಿತ್ತು. ಕೆಜಿಗೆ 30ರಂತೆ 1,890 ಕಳೆಯಿರಿ. ಒಂದು ಬೆದೆ ತಪ್ಪಿದ್ದಕ್ಕೆ ಹತ್ತಿರ ಹತ್ತಿರ 3,700.

ಶಿರ್ವ_ಶೆಟ್ಟಿ: ನಮ್ಮದು ಎಂಟನೇ ತಿಂಗಳಲ್ಲೂ 10 ಲೀಟರ್ ಕೊಡ್ತದೆ. ಅದಕ್ಕೆ ಈ ಲೆಕ್ಕ ಕೂರುವುದಿಲ್ಲ.

ಹಳೇ_ಪಶುವೈದ್ಯ: ಹೌದು, ಅಂಥ ದನಕ್ಕೆ ನಷ್ಟ ತುಂಬಾ ಕಡಿಮೆ.

ಕಾಪು_ಹಟ್ಟಿ: ಮೇ 1ರವರೆಗೆ ಸುಮ್ನೆ ಕಾಯಬೇಕಾ? ಬೆದೆ ಬರಿಸುವ ಇಂಜೆಕ್ಷನ್ ಇದೆಯಂತೆ?

ಹಳೇ_ಪಶುವೈದ್ಯ: ಇದೆ. ಅಂಡಾಶಯದಲ್ಲಿ ಹಳದಿ ಗಂಟು ಬೆಳೆದಿದ್ದರೆ ಮಾತ್ರ ಅದು ಕೆಲಸ ಮಾಡುವುದು. ನಿಮ್ಮದಕ್ಕೆ ಈಗ ಬೆದೆಯಾಗಿ ಹತ್ತು ದಿನ, ಇರುವ ಸಾಧ್ಯತೆ ಜಾಸ್ತಿ. ಡಾಕ್ಟರು ಕೈಹಾಕಿ ನೋಡಿ ಕೊಟ್ಟರೆ ಎರಡರಿಂದ ಐದು ದಿನದಲ್ಲಿ ಬೆದೆ ಬರಬಹುದು. ಹೋರಿ ಹಾರಿದ ಅನುಮಾನ ಇದ್ದರೆ ಮೊದಲೇ ಹೇಳಿ, ಗಬ್ಬ ಇದ್ದರೆ ಕಂದು ಹಾಕುತ್ತದೆ.

ಬೆಳ್ಮಣ್_ಅಕ್ಕ: ಹಾಗಾದರೆ ನಮ್ಮದಕ್ಕೆ?

ಹಳೇ_ಪಶುವೈದ್ಯ: ನಿಮ್ಮದು ಬೇರೆ ವಿಷಯ ಅಕ್ಕ. ಬೆದೆ ಕಂಡ ಎಷ್ಟು ಹೊತ್ತಿಗೆ ಕೊಡಿಸಿದಿರಿ, ಲೋಳೆ ತಿಳಿಯಾಗಿತ್ತಾ, ಕೀವಿನ ಹಾಗಿತ್ತಾ? ಬೇರೆ ಚರ್ಚೆ ಶುರು ಮಾಡಿ ಬರೆಯಿರಿ.