ಆರು ವಾರ ತಡವಾದ ಸಾಂತ್ವನ: ಅತ್ತೆಗೆ ಎಂತ ಬರೆಯೋದು

"ಅಕ್ಕ, ನಾಪೋಕ್ಲು ಮಾವ ತೀರಿಕೊಂಡು ಆರು ವಾರ ಆಯ್ತು. ಜುಲೈ ಮಳೆಯಲ್ಲಿ ಹೋಗೋಕೂ ಆಗಲಿಲ್ಲ, ಫೋನೂ ಮಾಡಲಿಲ್ಲ. ಈಗ ಅತ್ತೆಗೆ ಎಂತ ಬರೆಯೋದು? ಇಷ್ಟು ದಿನಕ್ಕೆ ನೆನಪಾಯ್ತಾ ಅಂದ್ಕೊಳ್ತಾರೆ ಅಂತ ಕೈಯೇ ಬರ್ತಿಲ್ಲ."

ತಮ್ಮ, ಬರಿ. ಆದರೆ ಮನೆಯವರ ವಾಟ್ಸಾಪ್ ಗ್ರೂಪಲ್ಲಿ ಬೇಡ, ಅತ್ತೆಯ ನಂಬರಿಗೇ ಕಳಿಸು. ಅಲ್ಲಿ ಆ ದಿನ ಹಾಕಿದ ಸಾವಿನ ಸುದ್ದಿ ಮಾವನ ಫೋಟೋ ಜೊತೆ ಇದೆಯಲ್ಲ, ಅದಕ್ಕೆ ಈಗ ರಿಪ್ಲೈ ಹಾಕಿದರೆ ಆ ಫೋಟೋ ಮತ್ತೆ ಎಲ್ಲರ ಕಣ್ಣ ಮುಂದೆ ಬರುತ್ತೆ. ಆಮೇಲೆ ಇಪ್ಪತ್ತು ಜನ ಕೈಮುಗಿಯುವ ಚಿತ್ರ ಹಾಕ್ತಾರೆ, ಅಷ್ಟನ್ನೂ ಅತ್ತೆ ನೋಡ್ತಾ ಕೂರಬೇಕು.

ಇನ್ನು ಮಾತಿಗೆ ಬರೋಣ. ಇಂಥ ಮೆಸೇಜ್ ಕೆಡುವುದು ಹೆಚ್ಚಾಗಿ ಮೊದಲ ಸಾಲಲ್ಲೇ. ನಾವೆಲ್ಲ ಸಾಮಾನ್ಯವಾಗಿ ಬರೆಯೋದು ಹೀಗೆ: "ಅತ್ತೆ, ದಯವಿಟ್ಟು ಕ್ಷಮಿಸಿಬಿಡಿ, ದೊಡ್ಡ ತಪ್ಪು ಮಾಡಿದೆ, ಆಗ ಆಫೀಸಲ್ಲಿ ಆಡಿಟ್ ಇತ್ತು, ಆಮೇಲೆ ಮಗುವಿಗೆ ಜ್ವರ, ಮಳೆಗೆ ರಸ್ತೆಯೂ ಬಂದ್, ನಿಮಗೆ ಮುಖ ತೋರಿಸೋಕೂ ನಾಚಿಕೆ ಆಗ್ತಿದೆ, ಮಾವನ ಆತ್ಮಕ್ಕೆ ಶಾಂತಿ ಸಿಗಲಿ." ಇದನ್ನು ಒಮ್ಮೆ ಜೋರಾಗಿ ಓದಿ ನೋಡು. ಮಾವನ ಬಗ್ಗೆ ಇರೋದು ಕೊನೆಯ ತುಂಡು ಮಾತ್ರ, ಉಳಿದದ್ದೆಲ್ಲ ನಿನ್ನ ಬಗ್ಗೆ. ಓದಿದ ಅತ್ತೆ ಏನು ಮಾಡ್ತಾರೆ? "ಪರವಾಗಿಲ್ಲ ಮಗ, ಬೇಜಾರು ಮಾಡ್ಕೋಬೇಡ" ಅಂತ ಬರೀತಾರೆ. ಗಂಡನನ್ನು ಕಳಕೊಂಡವರು ನಿನ್ನನ್ನು ಸಮಾಧಾನ ಮಾಡಬೇಕಾಗಿ ಬಂತು. ಅಪರಾಧಭಾವ ಅತಿಯಾದರೆ ಆಗುವ ತೊಂದರೆ ಇದೇ, ಅದರ ಭಾರವನ್ನು ಅವರು ಹೊರಬೇಕಾಗುತ್ತೆ.

ಹಾಗಂತ ತಡವಾದ ಮಾತನ್ನೇ ಎತ್ತದೆ ನಿನ್ನೆ ಮೊನ್ನೆ ಆದ ಸಾವಿನ ಹಾಗೆ ಬರೆಯೋದೂ ಸರಿಯಲ್ಲ. ಒಂದು ವಾಕ್ಯ ಸಾಕು, ಅದು ಮೊದಲೇ ಬರಲಿ. "ತಡವಾಯ್ತು" ಅನ್ನಬೇಡ, "ತಡ ಮಾಡಿದೆ" ಅನ್ನು. "ತಡವಾಯ್ತು" ಅಂದರೆ ಬಸ್ಸು ತಡವಾದ ಹಾಗೆ, ಯಾರೂ ಮಾಡಿದ್ದಲ್ಲ. "ತಡ ಮಾಡಿದೆ" ಅಂದರೆ ನೀನೇ ಒಪ್ಪಿಕೊಂಡ ಹಾಗೆ, ಒಪ್ಪಿಕೊಂಡ ಮೇಲೆ ವಿವರಣೆ ಬೇಕಾಗೋದಿಲ್ಲ. ಹಾಗೇ "ಕ್ಷಮಿಸಿ" ಸಾಕು, "ಕ್ಷಮಿಸ್ತೀರಾ?" ಅಂತ ಕೇಳಬೇಡ. ಪ್ರಶ್ನೆ ಕೇಳಿದರೆ ಅವರು ಉತ್ತರ ಕೊಡಬೇಕು. "ಕ್ಷಮಿಸಿ" ಆದ ಮೇಲೆ "ಆದರೆ" ಬಂದರೆ ಆ ಕ್ಷಮೆ ಅಲ್ಲಿಗೇ ಮುಗೀತು, ಆ ಶಬ್ದ ಕಂಡರೆ ಅಳಿಸು.

ಮಳೆಯ ಕಾರಣವನ್ನಂತೂ ಹೇಳಲೇಬೇಡ. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿ ನಾಪೋಕ್ಲು ರಸ್ತೆ ಮೇಲೆ ನೀರು ಬಂದರೆ ಹೋಗೋದು ಕಷ್ಟ ಅನ್ನೋದು ನಿಜವೇ. ಆದರೆ ಅದೇ ಮಳೆಯಲ್ಲಿ ಅವರ ಅಕ್ಕಪಕ್ಕದವರು ಸೌದೆ ಹೊಂದಿಸಿ ಎಲ್ಲ ಕೆಲಸ ಮಾಡಿ ಮುಗಿಸಿದ್ದಾರೆ. ಅದನ್ನು ಕಂಡವರಿಗೆ ನಿನ್ನ ಮಳೆಯ ಮಾತು ನೋವು ಕೊಡುತ್ತೆ. ಮತ್ತೆ ಮಳೆಗೂ ಫೋನ್ ಮಾಡದ್ದಕ್ಕೂ ಸಂಬಂಧ ಇಲ್ಲ, ಆರು ವಾರ ಪೂರ್ತಿ ಟವರ್ ಬಿದ್ದಿರಲಿಲ್ಲ ಅಂತ ಅವರಿಗೂ ಗೊತ್ತು. "ಈಗಷ್ಟೇ ಗೊತ್ತಾಯ್ತು" ಅಂತ ಮಾತ್ರ ಯಾವ ಕಾರಣಕ್ಕೂ ಬರೀಬೇಡ. ಗ್ರೂಪಲ್ಲಿ ಸುದ್ದಿ ಹಾಕಿದವರು ಅದನ್ನು ಒತ್ತಿ ಹಿಡಿದು ಇನ್ಫೋ ನೋಡಿದರೆ ಯಾರು ಯಾವಾಗ ಓದಿದ್ದಾರೆ ಅಂತ ಕಾಣುತ್ತೆ. ಹಾಕಿದ್ದು ಅತ್ತೆಯ ಮಗ, ನಿನ್ನ ಬಾವನೇ.

ಎರಡನೇ ವಾಕ್ಯ ಮಾವನದ್ದು. ಇಲ್ಲಿ ಸ್ವಲ್ಪ ಹೊತ್ತು ಯೋಚಿಸು. "ತುಂಬಾ ಒಳ್ಳೆಯವರು" ಅಂತ ಹನ್ನೊಂದನೇ ದಿನದ ಕಾರ್ಯದೊಳಗೆ ನೂರು ಜನ ಹೇಳಿ ಆಗಿದೆ. ತಡವಾಗಿ ಬರೋ ಮೆಸೇಜಿಗೆ ಬೆಲೆ ಬರೋದು ಬೇರೆ ಯಾರೂ ಹೇಳದ ಒಂದು ನೆನಪಿನಿಂದ, ಕಣ್ಣಿಗೆ ಕಾಣುವ ಹಾಗೆ ಇರಬೇಕು. ಮೂರನೆಯದು ಅತ್ತೆಯ ಈಗಿನ ಸ್ಥಿತಿ. ಮುಂದಿನ ವಾರ ಕೊಡಗಿನ ಕೈಲ್ ಮುಹೂರ್ತ ಹಬ್ಬ. ಊರೆಲ್ಲ ಕೋವಿ ತೊಳೆದು ಪೂಜೆಗೆ ಇಡುವಾಗ ಆ ಮನೆಯಲ್ಲಿ ಮಾವ ಇರೋದಿಲ್ಲ. ಬಂದುಹೋಗುವ ಜನವೂ ಈಗ ಕಡಿಮೆ ಆಗಿದ್ದಾರೆ. ಹಾಗಾಗಿ ಈಗಿನ ಮಾತು ಈಗಿನ ದಿನಕ್ಕೆ ಸಲ್ಲಬೇಕು. ಕೊನೆಗೆ ನೀನು ನಿಜಕ್ಕೂ ಮಾಡುವ ಒಂದು ಕೆಲಸ, ದಿನ ಹೇಳಿ. "ಏನಾದರೂ ಬೇಕಿದ್ದರೆ ಹೇಳಿ" ಅಂದರೆ ಯಾರೂ ಹೇಳೋದಿಲ್ಲ.

ಜೋಡಿಸಿದರೆ ಹೀಗೆ ಬರುತ್ತೆ, ನೆನಪನ್ನು ಮಾತ್ರ ನಿನ್ನದೇ ಹಾಕು:

"ಅತ್ತೆ, ಮಾವ ಹೋದಾಗಲೇ ನಾನು ಮಾತಾಡಬೇಕಿತ್ತು. ತಡ ಮಾಡಿದೆ, ಕ್ಷಮಿಸಿ. ಮಾವ ಅಂದರೆ ನನಗೆ ಕಾಫಿ ಕಣ ನೆನಪಾಗುತ್ತೆ, ಒಂದು ಮೋಡ ಕಂಡರೂ ನಮ್ಮನ್ನೆಲ್ಲ ಕೂಗಿ, ಟಾರ್ಪಾಲ್ ಹಿಡಿದು ಮೊದಲು ಓಡ್ತಿದ್ದದ್ದು ಅವರೇ. ಈ ಸಲ ಕೈಲ್ ಮುಹೂರ್ತ ಹತ್ತಿರ ಬಂದ ಹಾಗೆ ನಿಮ್ಮದೇ ಯೋಚನೆ. ಭಾನುವಾರ ಮಧ್ಯಾಹ್ನ ಬಂದು ಸ್ವಲ್ಪ ಹೊತ್ತು ನಿಮ್ಮ ಜೊತೆ ಕೂರ್ತೇನೆ, ಬೇಡ ಅನಿಸಿದರೆ ಬಾವನ ಹತ್ರ ಹೇಳಿದರೂ ಸಾಕು. ಇದಕ್ಕೆ ಉತ್ತರ ಬರೀಬೇಕು ಅಂತ ಇಲ್ಲ."

ಅಷ್ಟೇ. ಕ್ಷಮೆ ಒಂದೇ ಸಲ ಬಂತು, ಆರಂಭದಲ್ಲೇ ಬಂತು. ಕೊನೆಯಲ್ಲಿ ಮತ್ತೊಮ್ಮೆ ಸೇರಿಸಬೇಕು ಅನಿಸುತ್ತೆ, ಸೇರಿಸಬೇಡ. ಹಬ್ಬದ ದಿನ ಕಳಿಸಬೇಡ, ಶುಭಾಶಯದ ರಾಶಿ ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತೆ. ಈ ವಾರವೇ, ಸಂಜೆ ಅವರ ಕೆಲಸ ಮುಗಿಯುವ ಹೊತ್ತಿಗೆ ಕಳಿಸು. ವಾಯ್ಸ್ ಮೆಸೇಜ್ ಬೇಡ ಅಂತ ನನ್ನ ಅಭಿಪ್ರಾಯ. ಅತ್ತೆ ಅದನ್ನು ಸ್ಪೀಕರಲ್ಲಿ ಹಾಕ್ತಾರೆ, ಕೆಲಸದವರ ಮುಂದೆ, ಮಕ್ಕಳ ಮುಂದೆ ಅಳು ಬಂದುಬಿಡಬಹುದು. ಬರೆದದ್ದಾದರೆ ಒಬ್ಬರೇ ಇರುವಾಗ ಓದ್ತಾರೆ, ಇನ್ನೊಂದು ಸಲವೂ ಓದ್ತಾರೆ.

ಬಾವನಿಗೆ ಬೇರೆಯದೇ ಬರಿ, ಇದನ್ನೇ ಕಾಪಿ ಮಾಡಬೇಡ. ಅಮ್ಮ ಮಗ ಫೋನ್ ತೋರಿಸಿಕೊಳ್ತಾರೆ. ಅವನಿಗೆ ನೆನಪಿಗಿಂತ ಕೆಲಸದ ಮಾತು ಉಪಯೋಗ. ಮರಣ ಪ್ರಮಾಣಪತ್ರ, ಬ್ಯಾಂಕು, ತೋಟದ ಪೌತಿ ಖಾತೆ ಅಂತ ಈಗ ಅವನು ಓಡಾಡ್ತಿರೋ ಸಮಯ. "ತಡ ಮಾಡಿದೆ ಬಾವ, ಬೇಜಾರಿದೆ. ಸೋಮವಾರ ರಜೆ ಹಾಕಿದ್ದೇನೆ, ನಾಡಕಚೇರಿಗೆ ಹೋಗೋದಿದ್ದರೆ ಜೊತೆಗೆ ಬರ್ತೇನೆ" ಅಂದರೆ ಸಾಕು. ರಜೆ ಹಾಕಿ ಆದ ಮೇಲೆ ಬರಿ, ಮೊದಲು ಬೇಡ.

ನೀಲಿ ಟಿಕ್ ಬಂದು ಉತ್ತರ ಬರದಿದ್ದರೆ ಎರಡನೇ ಮೆಸೇಜ್ ಹಾಕಬೇಡ. ಬರೀಬೇಕು ಅಂತ ಇಲ್ಲ ಅಂತ ನೀನೇ ಹೇಳಿದ್ದೀಯಲ್ಲ. ಒಂದು ವೇಳೆ ಅತ್ತೆ "ಈಗ ನೆನಪಾಯ್ತಾ?" ಅಂತ ಕೇಳಿದರೆ "ಹೌದು ಅತ್ತೆ, ತಡ ಮಾಡಿದೆ, ಭಾನುವಾರ ಬರ್ತೇನೆ" ಅನ್ನು, ಕಾರಣದ ಪಟ್ಟಿ ತೆಗೀಬೇಡ. ಇಷ್ಟು ಹತ್ತಿರದ ಸಂಬಂಧಕ್ಕೆ ಮೆಸೇಜೊಂದೇ ಸಾಲೋದಿಲ್ಲ, ಹೋಗಲೇಬೇಕು. ಹೊರಡುವ ಮುಂಚೆ ಬಾವನಿಗೆ ಒಂದು ಫೋನ್ ಮಾಡು. ಅಲ್ಲಿ ಹೋಗಿ ಮತ್ತೆ ಕ್ಷಮೆಯಿಂದ ಶುರು ಮಾಡಬೇಡ. ಅತ್ತೆಗೆ ಅವರ ಕಥೆ ಹೇಳಬೇಕಿರುತ್ತೆ, ಆಸ್ಪತ್ರೆಯದ್ದು, ಕೊನೆಯ ರಾತ್ರಿಯದ್ದು. ಬೇರೆಯವರಿಗೆ ಹತ್ತು ಸಲ ಹೇಳಿರಬಹುದು, ನಿನಗೆ ಹೇಳಿಲ್ಲ. ಮಧ್ಯೆ ಬಾಯಿ ಹಾಕದೆ ಕೇಳಿಸ್ಕೋ.