ಸಹಾಯ ಬೇಕು: ರನ್ನನ ಸಂದರ್ಶನದಲ್ಲಿ ಒಂದು ಉತ್ತರ

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಒಂಬತ್ತನೇ ತರಗತಿಗೆ ರನ್ನನ ಜೊತೆ ಕಾಲ್ಪನಿಕ ಸಂದರ್ಶನ ಬರೆಯುತ್ತಿದ್ದೇನೆ. ಒಬ್ಬ ಹುಡುಗ ರನ್ನ, ಇಬ್ಬರು ಪತ್ರಕರ್ತರು. ಮುಧೋಳದ ಕವಿ ಅಂದ್ರೆ ನಮ್ಮ ಮಕ್ಕಳಿಗೆ ಜಾಸ್ತಿ ಹುರುಪು, ಅಲ್ವಾ?

ನಾನು ಒಂದೇ ನಿಯಮ ಇಟ್ಟುಕೊಂಡಿದ್ದೇನೆ. ರನ್ನನ ಉತ್ತರ ಅವನ ಕಾವ್ಯದಲ್ಲಿ ಸಿಗುವ ಸಂಗತಿಯಿಂದಲೇ ಬರಬೇಕು. ಬಳೆಗಾರರ ಮನೆತನ, ಆಶ್ರಯ ಕೊಟ್ಟ ಅತ್ತಿಮಬ್ಬೆ, 993ರ ಅಜಿತಪುರಾಣ, ಇವೆಲ್ಲ ಸಲೀಸಾಗಿ ಕೂತವು. ಮಗಳಿಗೆ ಅತ್ತಿಮಬ್ಬೆ ಅಂತಲೇ ಹೆಸರಿಟ್ಟ ವಿಷಯ ಮಕ್ಕಳಿಗೆ ತುಂಬಾ ಹಿಡಿಸಿತು.

ತೊಡಕು ಗದಾಯುದ್ಧದಲ್ಲಿದೆ. ಅದರ ಇನ್ನೊಂದು ಹೆಸರು ಸಾಹಸಭೀಮವಿಜಯ. ರಾಜ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಬರೆದದ್ದು. ಆದರೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನೇ ಮನಸ್ಸಿನಲ್ಲಿ ಉಳಿಯುತ್ತಾನೆ. ಕರ್ಣನನ್ನು ಕಂಡು ಅಳುತ್ತಾನೆ. ವೈರಿಯ ಮಗ ಅಭಿಮನ್ಯುವನ್ನು ಕಂಡು ಕೈಮುಗಿದು, ನಿನ್ನಂಥ ಸಾವು ನನಗೂ ಬರಲಿ ಅನ್ನುತ್ತಾನೆ. ಒಬ್ಬ ಹುಡುಗಿ ಬರೆದ ಪ್ರಶ್ನೆ ಇದು: "ಕವಿಗಳೇ, ಗೆಲ್ಲಿಸಿದ್ದು ಭೀಮನನ್ನು, ಅಳಿಸಿದ್ದು ಯಾಕೆ ದುರ್ಯೋಧನನಿಗಾಗಿ?"

ನಾನು ಬರೆದ ಉತ್ತರ: "ಭೀಮನನ್ನು ಹೊಗಳಿದ್ದು ನನ್ನ ರಾಜನಿಗಾಗಿ. ಆದರೆ ಸೋಲುವವನ ದುಃಖ ತೋರಿಸದಿದ್ದರೆ ಗೆಲುವಿಗೆ ತೂಕ ಎಲ್ಲಿಂದ ಬರುತ್ತದಮ್ಮ?" ಎರಡನೇ ವಾಕ್ಯ ರನ್ನನದಲ್ಲ, ಇಂದಿನ ವಿಮರ್ಶಕರ ಮಾತಿನ ಹಾಗಿದೆ ಅನ್ನಿಸುತ್ತಿದೆ. ಅದರ ಬದಲು ಅಭಿಮನ್ಯು ಪದ್ಯವನ್ನೇ ಓದಿಸಿ ಸುಮ್ಮನಾಗಲೇ? ಹಳಗನ್ನಡ ಓದಿದರೆ ಅರ್ಥವನ್ನು ಪತ್ರಕರ್ತ ಹೇಳಿದರೆ ಸಾಕಾ? ಗದಾಯುದ್ಧ ಕಲಿಸಿದವರು ದಯವಿಟ್ಟು ತಿಳಿಸಿ.