ಅಪ್‌ಡೇಟ್: ಅಪ್ರೈಸಲ್ ಅಂಕಗಳ ಹೊಂದಾಣಿಕೆ

ನನ್ನ ಪ್ರಶ್ನೆ: "ಮಂಗಳೂರಿನ ಮ್ಯಾನೇಜರ್ ಕೈ ಬಿಗಿ, ಉಡುಪಿಯವರು ಧಾರಾಳ. ಇಬ್ಬರ ಅಂಕಗಳನ್ನೂ ಒಂದೇ ಬ್ಯಾಂಡಿಗೆ ನ್ಯಾಯವಾಗಿ ತರುವುದು ಹೇಗೆ?"

ನೀವೆಲ್ಲ ಹೇಳಿದ ಝಡ್ ಸ್ಕೋರ್ ಹಾಕಿ ನೋಡಿದೆ. ಇಡೀ ಕಚೇರಿಯ ಸರಾಸರಿ 3.6, ಹರವು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 0.5. ಶೀಟಿನಲ್ಲಿ B ಅಂಕ, C ಆ ಮ್ಯಾನೇಜರ್ ಕೊಟ್ಟ ಸರಾಸರಿ, D ಅವರ ಹರವು:

```
=3.6+0.5*(B2-C2)/D2
```

ಮಂಗಳೂರಿನ ಟೀಮಿನಲ್ಲಿ 22 ಜನ, ಸರಾಸರಿ 3.1, ಹರವು 0.4. ಅಲ್ಲಿ 3.5 ಪಡೆದವರು 4.1ಕ್ಕೆ ಏರಿದರು. ಇದು ಸರಿಯೇ.

ಎಡವಿದ್ದು ಉಡುಪಿಯಲ್ಲಿ. ಅಲ್ಲಿರುವುದು ನಾಲ್ಕೇ ಜನ: 4.3, 4.4, 4.4, 4.5. ಹರವು ಬರೀ 0.07. ಇಷ್ಟು ಸಣ್ಣ ಸಂಖ್ಯೆಯಿಂದ ಭಾಗಿಸಿದಾಗ 4.3ರವರು 2.9ಕ್ಕೆ ಬಿದ್ದರು, 4.5ರವರು 4.3ರಲ್ಲಿ ನಿಂತರು. 0.2ರ ಅಂತರ 1.4 ಆಯಿತು ಮಾರಾಯ್ರೆ! ಒಬ್ಬರ ಇಡೀ ವರ್ಷದ ದುಡಿಮೆ ಸೂತ್ರದ ಗದ್ದಲಕ್ಕೆ ಬಲಿಯಾಗುವುದು ಸಲ್ಲದು.

ಹಾಗಾಗಿ ಸಣ್ಣ ಟೀಮಿಗೆ ಹರವಿನಿಂದ ಭಾಗಿಸುವುದನ್ನೇ ಬಿಟ್ಟೆವು. ಟೀಮಿನ ಸರಾಸರಿ 4.4, ಕಚೇರಿಯದ್ದಕ್ಕಿಂತ 0.8 ಹೆಚ್ಚು, ಅದರಲ್ಲಿ ಅರ್ಧ, 0.4 ಮಾತ್ರ ಕಳೆದೆವು. ಪೂರ್ತಿ ಕಳೆದರೆ ಆ ನಾಲ್ವರು ನಿಜಕ್ಕೂ ಒಳ್ಳೆಯ ಕೆಲಸಗಾರರಾಗಿರುವ ಸಾಧ್ಯತೆಯನ್ನೇ ಅಳಿಸಿದಂತೆ. ಈಗ ಅವರು 3.9ರಿಂದ 4.1ರೊಳಗೆ ಇದ್ದಾರೆ.

ಮೇಲಿನ ಬ್ಯಾಂಡಿನ ಗೆರೆ 4.0. ಅದರ ಆಚೀಚೆ 0.1 ಒಳಗೆ ಬಂದವರನ್ನೆಲ್ಲ, ಮಂಗಳೂರಿನ 4.1ರವರನ್ನೂ ಸೇರಿಸಿ, ಇಬ್ಬರೂ ಮ್ಯಾನೇಜರ್‌ಗಳು ಒಟ್ಟಿಗೆ ಕೂತು ನೋಡುತ್ತಾರೆ. ಅಲ್ಲಿ ಅಂಕದ ಕಾಲಮ್ ಮುಚ್ಚಿಟ್ಟು, ಮುಗಿಸಿದ ಕೆಲಸದ ಪಟ್ಟಿಯನ್ನಷ್ಟೇ ತೆರೆಯುವುದು.